ಮೇಲಿನ ಬ್ಯಾಟರಿ, ಕೆಳಗಿನ ಬ್ಯಾಟರಿ: ರಾಯಚೂರಿನ ಒಂದು ಬೇಸಿಗೆಯ ದಾಖಲೆ

ಮಾರ್ಚ್ ಎರಡನೇ ವಾರ: ಏನು, ಎಲ್ಲಿ

ರಾಯಚೂರಿನ ಒಂದೇ ಕಟ್ಟಡದಲ್ಲಿ ಎರಡು ಇನ್ವರ್ಟರ್ ಬ್ಯಾಟರಿಗಳಿವೆ. ಎರಡೂ 12 ವೋಲ್ಟ್, 150 ಆಂಪಿಯರ್-ಅವರ್, ಎತ್ತರದ ಟ್ಯೂಬ್ಯುಲರ್. ಒಂದೇ ಮಾದರಿಯವು, ಒಂದೇ ತಿಂಗಳು ತಂದವು, ಈಗ ಮೂರು ವರ್ಷ ಹಳೆಯವು. ಒಂದು ಮಾಳಿಗೆ ಮೇಲಿನ ಮೆಟ್ಟಿಲ ಕೋಣೆಯಲ್ಲಿ ತಗಡಿನ ಕೆಳಗಿದೆ. ಇನ್ನೊಂದು ನೆಲಮಹಡಿಯ ಉತ್ತರದ ಕೋಣೆಯಲ್ಲಿ ಶಹಾಬಾದ್ ಕಲ್ಲಿನ ಮೇಲೆ ಕೂತಿದೆ. ಎರಡರ ಇನ್ವರ್ಟರ್‌ಗಳೂ ತುಂಬಿದ ಬ್ಯಾಟರಿಯನ್ನು 13.8 ವೋಲ್ಟ್‌ನಲ್ಲಿ ಫ್ಲೋಟ್ ಮಾಡುತ್ತವೆ, ಅಂದರೆ ತುಂಬಿದ ಮೇಲೂ ಅದೇ ವೋಲ್ಟೇಜಿನಲ್ಲಿ ಹಿಡಿದಿಡುತ್ತವೆ. ಬಿಸಿ ಏರಿದರೂ ಇಳಿದರೂ ಆ ಅಂಕಿ ಬದಲಾಗುವುದಿಲ್ಲ.

ಮೇಲಿನದು ನೀರು ಬೇಗ ಕುಡಿಯುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಅದು ಇವತ್ತಿನ ಬಿಸಿಲಿನ ಕೆಲಸವೋ, ಮೂರು ಬೇಸಿಗೆಗಳು ಒಳಗೆ ಬಿಟ್ಟುಹೋದ ಹಾನಿಯೋ ಎಂದು ಬೇರ್ಪಡಿಸಿ ನೋಡುವುದೇ ಈ ದಾಖಲೆಯ ಕೆಲಸ.

ಕರೆಂಟ್ ಅಳೆಯಲು ಪ್ರತಿ ಬ್ಯಾಟರಿಯ ನೆಗೆಟಿವ್ ತಂತಿಯಲ್ಲಿ 50 A / 75 mV ಶಂಟ್ ಹಾಕಿದೆವು. 1 ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 1.5 mV ಸಿಗುತ್ತದೆ, ಹಾಗಾಗಿ 0.01 mV ತೋರಿಸುವ ಮಲ್ಟಿಮೀಟರ್ ಬೇಕು. ಕ್ಲ್ಯಾಂಪ್ ಮೀಟರ್ ಇಷ್ಟು ಸಣ್ಣ ಕರೆಂಟಿಗೆ ನಂಬಿಕೆಗೆ ಬಾರದು. ಜೊತೆಗೆ ಆ್ಯಸಿಡ್ ಎಷ್ಟು ಗಟ್ಟಿ ಎಂದು ತೋರಿಸುವ ಹೈಡ್ರೋಮೀಟರ್, ಮಧ್ಯದ ಸೆಲ್‌ಗೆ ಇಳಿಬಿಡಲು ಗಾಜಿನ ಥರ್ಮಾಮೀಟರ್, ನೀರು ತೂಗಲು ಅಡುಗೆಮನೆಯ ತಕ್ಕಡಿ. ಮೆಟ್ಟಿಲ ಕೋಣೆಯ ಕಿಟಕಿ ಹಗಲು ರಾತ್ರಿ ತೆರೆದೇ ಇರಬೇಕು. ಅಲ್ಲಿ ಹೊರಬೀಳುವುದು ಹೈಡ್ರೋಜನ್.

ಏಪ್ರಿಲ್ 1ರಿಂದ 30: ನೀರಿನ ಲೆಕ್ಕ

ತಿಂಗಳ ಮೊದಲ ದಿನ ಎರಡನ್ನೂ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ನೀರಿನ ಮಟ್ಟ ತೋರಿಸುವ ಫ್ಲೋಟ್ ಕಡ್ಡಿಗಳು ಹಸಿರು ಗುರುತಿಗೆ ಬರುವಷ್ಟು ನೀರು ತುಂಬಿದೆವು. ಚಾರ್ಜಿಗೆ ಮೊದಲೇ ತುಂಬಿದರೆ ಗ್ಯಾಸ್ ಏಳುವಾಗ ಮಟ್ಟ ಉಬ್ಬಿ ಆ್ಯಸಿಡ್ ಹೊರಚೆಲ್ಲುತ್ತದೆ. ಪ್ಲೇಟ್ ಬರಿದಾಗಿ ಕಾಣುತ್ತಿದ್ದರೆ ಮಾತ್ರ, ಅವು ಮುಳುಗುವಷ್ಟೇ ಹಾಕಿ ಚಾರ್ಜಿಗೆ ಇಡಬೇಕು.

ಮೇಲಿನದರ ಒಳಗಿನ ಬಿಸಿ ಸರಾಸರಿ 41 ಡಿಗ್ರಿ, ಕೆಳಗಿನದು 33. ಫ್ಲೋಟ್ ಕರೆಂಟ್ ಮೇಲೆ 0.8 ಆಂಪಿಯರ್, ಕೆಳಗೆ 0.28. ಕರೆಂಟ್ ಹೋಗಿಬರುವ ಹೊತ್ತು ಕಳೆದರೆ ದಿನಕ್ಕೆ ಸುಮಾರು 22 ಗಂಟೆ ಫ್ಲೋಟ್.

ತುಂಬಿದ ಬ್ಯಾಟರಿಗೆ ಹೋಗುವ ಕರೆಂಟಿನ ಬಹುಪಾಲು ನೀರನ್ನು ಒಡೆಯಲು ಖರ್ಚಾಗುತ್ತದೆ. 1 ಆಂಪಿಯರ್-ಅವರ್ ಪ್ರತಿ ಸೆಲ್‌ನಲ್ಲಿ 0.336 ಗ್ರಾಂ ನೀರು ಒಡೆಯುತ್ತದೆ, ಆರು ಸೆಲ್ ಸೇರಿ 2 ಗ್ರಾಂ.

```
ಮೇಲೆ : 0.80 × 22 × 2 × 30 = 1056 ಗ್ರಾಂ
ಕೆಳಗೆ: 0.28 × 22 × 2 × 30 =  370 ಗ್ರಾಂ
```

30ರಂದು ಮತ್ತೆ ಅದೇ ಗುರುತಿಗೆ ತುಂಬಲು ಮೇಲಿನದಕ್ಕೆ 1210 ಗ್ರಾಂ ಹಿಡಿಯಿತು, ಕೆಳಗಿನದಕ್ಕೆ 410. ಪ್ರತಿ ಸಲ ಕರೆಂಟ್ ಬಂದಾಗ ಇನ್ವರ್ಟರ್ ಕೆಲಹೊತ್ತು 14.4 ವೋಲ್ಟ್‌ಗೆ ಏರಿಸುತ್ತದೆ, ಮುಚ್ಚಳದಿಂದ ಒಂದಿಷ್ಟು ಆವಿಯೂ ಹೋಗುತ್ತದೆ. ಲೆಕ್ಕಕ್ಕಿಂತ ಹೆಚ್ಚು ಹಿಡಿದದ್ದು ಅದಕ್ಕೇ.

ತಿಂಗಳ ಕೊನೆಗೆ, ನೀರು ಹಾಕುವ ಮೊದಲು, ಮೇಲಿನದರ ಹೈಡ್ರೋಮೀಟರ್ 1.247 ತೋರಿಸಿತು. 27 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು. 41 ಡಿಗ್ರಿಗೆ ಸರಿಪಡಿಸಿದರೆ 1.257. ಪೂರ್ತಿ ತುಂಬಿದ ಟ್ಯೂಬ್ಯುಲರ್‌ಗೆ 1.240 ಸರಿಯಾದ ಅಂಕಿ, ಆದ್ದರಿಂದ ಇದು ಭರ್ಜರಿ ಚಾರ್ಜ್ ಎಂದು ಅನಿಸುತ್ತದೆ. ಹಾಗಲ್ಲ. ಸೆಲ್‌ಗೆ ಸುಮಾರು 3 ಲೀಟರ್ ಹಿಡಿಯುವ ಕಡೆ 200 ಮಿಲಿ ನೀರು ಹೋಗಿದೆ, ಉಳಿದ ಆ್ಯಸಿಡ್ ಗಟ್ಟಿಯಾಗಿದೆ. ನೀರು ತುಂಬಿ, ಕೆಲ ಗಂಟೆ ಚಾರ್ಜ್ ಮಾಡಿ ಬೆರೆತ ಮೇಲೆ ಆರೂ ಸೆಲ್‌ಗಳು 1.240ರ ಆಸುಪಾಸಿಗೆ ಬಂದವು. ಆ್ಯಸಿಡ್ ಹೋಗುವುದಿಲ್ಲ, ಹೋಗುವುದು ನೀರು ಮಾತ್ರ. ಇಲ್ಲಿ ಆ್ಯಸಿಡ್ ಸುರಿದರೆ ಬ್ಯಾಟರಿಯ ಕತೆ ಮುಗಿದಂತೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡುಸು ಎಂಬುದು ಕೊಡದ ಒಳಗಿನ ಬಿಳಿ ಪದರ ನೋಡಿದವರಿಗೆ ಗೊತ್ತು. ಆರ್‌ಒ ನೀರು ಕುಡಿಯಲು ಚೆನ್ನಾಗಿದ್ದರೂ ಅದರಲ್ಲಿ ಲವಣ ಉಳಿದೇ ಇರುತ್ತದೆ. ತಿಂಗಳಿಗೆ ಲೀಟರಿಗೂ ಮಿಕ್ಕಿ ಹಾಕುವ ಬ್ಯಾಟರಿಯಲ್ಲಿ ನೀರು ಹೋಗಿ ಲವಣ ಅಲ್ಲೇ ಸೇರುತ್ತಾ ಬರುತ್ತದೆ. ಕ್ಲೋರೈಡ್ ಪ್ಲೇಟಿನೊಳಗಿನ ಸೀಸದ ಗ್ರಿಡ್ಡನ್ನು ತಿನ್ನುತ್ತದೆ, ಕಬ್ಬಿಣದ ಅಂಶ ಚಾರ್ಜನ್ನು ಒಳಗೊಳಗೇ ಸೋರಿಸುತ್ತದೆ. ಡಿಸ್ಟಿಲ್ಡ್ ವಾಟರ್ ಕ್ಯಾನ್ ತೆರೆದ ತಕ್ಷಣ ಟಿಡಿಎಸ್ ಮೀಟರ್ ಅದ್ದಿ, ಒಂದೆರಡಕ್ಕಿಂತ ಹೆಚ್ಚು ತೋರಿಸಿದರೆ ಬಳಸದೆ ಬಿಟ್ಟೆವು.

ಮೇ 3: ಕೆಳಗಿಳಿಸಿದ ಮೇಲೆ

ಇಂಥ ಬ್ಯಾಟರಿಗಳಲ್ಲಿ ಬಿಸಿ 10 ಡಿಗ್ರಿ ಏರಿದರೆ ಫ್ಲೋಟ್ ಕರೆಂಟ್ ಸುಮಾರು ಎರಡು ಪಟ್ಟಾಗುತ್ತದೆ. 8 ಡಿಗ್ರಿಗೆ 1.74 ಪಟ್ಟು. ಹಾಗಾದರೆ ಕೆಳಗಿನ 0.28 ಮೇಲೆ ಹೋದರೆ 0.49 ಆಗಬೇಕಿತ್ತು. ನಮಗೆ ಸಿಕ್ಕಿದ್ದು 0.8. ಬಿಸಿಲೊಂದೇ ಕಾರಣವಲ್ಲ ಎಂಬುದಕ್ಕೆ ಇದೇ ಮೊದಲ ಸುಳಿವು.

ಇಬ್ಬರು ಹಿಡಿದು ಮೇಲಿನದನ್ನು ಇಳಿಸಿ ಕೆಳಗಿನದರ ಪಕ್ಕ ಇಟ್ಟೆವು. ತುಂಬಿದ ಬ್ಯಾಟರಿ 50 ಕಿಲೋ ದಾಟುತ್ತದೆ, ವಾಲಿಸಬಾರದು. ಒಂದು ವಾರ ಬಿಟ್ಟು, ಒಳಗಿನ ಬಿಸಿ 33ಕ್ಕೆ ಬಂದು ನಿಂತ ಮೇಲೆ ಅಳೆದಾಗ 0.46 ಆಂಪಿಯರ್. ಒಂದೇ ಕೋಣೆ, ಒಂದೇ ಬಿಸಿ, ಒಂದೇ ವೋಲ್ಟೇಜ್. ಆದರೂ ಪಕ್ಕದ ಜೋಡಿಗಿಂತ ಸುಮಾರು ಮೂರನೇ ಎರಡರಷ್ಟು ಹೆಚ್ಚು ಎಳೆಯುತ್ತಿದೆ. ಒಂದು ಸೆಲ್ ಶಾರ್ಟ್ ಆಗಿದ್ದರೂ ಹೀಗಾಗಬಹುದು, ಆದರೆ ಹಾಗಾದಾಗ ಆ ಸೆಲ್‌ನ ಗ್ರ್ಯಾವಿಟಿ, ಅಂದರೆ ಹೈಡ್ರೋಮೀಟರ್ ತೋರಿಸುವ ಅಂಕಿ, ಉಳಿದವುಗಳಿಗಿಂತ ಕೆಳಗೆ ಬಿದ್ದಿರುತ್ತದೆ. ಇಲ್ಲಿ ಆರರ ನಡುವಿನ ಅಂತರ 0.010 ಕೂಡ ಇಲ್ಲ.

ಉಳಿದ ಕಾರಣ ಗ್ರಿಡ್. ಟ್ಯೂಬ್ಯುಲರ್ ಪಾಸಿಟಿವ್ ಪ್ಲೇಟಿನಲ್ಲಿ ಪ್ರತಿ ಕೊಳವೆಯ ನಡುವೆ ಒಂದು ಸೀಸದ ಕಡ್ಡಿ ಇರುತ್ತದೆ, ಸುತ್ತ ಕಂದು ಪುಡಿ. ಈ ಕಡ್ಡಿಗಳೇ ಇಲ್ಲಿ ಗ್ರಿಡ್. ಎರಕ ಗಟ್ಟಿ ಬರಲೆಂದು ಆ ಸೀಸಕ್ಕೆ ಆಂಟಿಮನಿ ಬೆರೆಸುತ್ತಾರೆ. ಫ್ಲೋಟ್‌ನಲ್ಲಿದ್ದಷ್ಟು ಹೊತ್ತೂ ಕಡ್ಡಿಯ ಮೈ ನಿಧಾನವಾಗಿ ಸೀಸದ ಡೈಆಕ್ಸೈಡ್ ಆಗುತ್ತಿರುತ್ತದೆ:

```
Pb + 2H2O → PbO2 + 4H+ + 4e−
```

ಈ ಸವೆತವೂ ನೀರನ್ನು ಬಳಸುತ್ತದೆ, ಆದರೆ ಆ ಪ್ರಮಾಣ ಸಣ್ಣದು. ದೊಡ್ಡ ಹಾನಿ ಬೇರೆ ಇದೆ. ಕಡ್ಡಿ ಕರಗಿದಂತೆ ಅದರೊಳಗಿನ ಆಂಟಿಮನಿ ಆ್ಯಸಿಡ್‌ಗೆ ಬಿಡುಗಡೆಯಾಗಿ ನೆಗೆಟಿವ್ ಪ್ಲೇಟಿನ ಮೇಲೆ ಹೋಗಿ ಕೂರುತ್ತದೆ. ಶುದ್ಧ ಸೀಸದ ಮೇಲೆ ಹೈಡ್ರೋಜನ್ ಏಳುವುದು ಕಷ್ಟ, ಆಂಟಿಮನಿ ಕೂತ ಜಾಗದಲ್ಲಿ ಸಲೀಸು. ಅದೇ 13.8 ವೋಲ್ಟ್‌ಗೆ ಈಗ ಹೆಚ್ಚು ಕರೆಂಟ್ ಹರಿಯುತ್ತದೆ, ಹೆಚ್ಚು ನೀರು ಒಡೆಯುತ್ತದೆ. ಅಷ್ಟೇ ಅಲ್ಲ. ನೆಗೆಟಿವ್ ಪ್ಲೇಟ್ ತನ್ನ ಪಾಲಿನ ವೋಲ್ಟೇಜ್ ಹೊರುವುದನ್ನು ಬಿಟ್ಟಂತೆ ಆ ಭಾರ ಪಾಸಿಟಿವ್ ಮೇಲೆ ಬೀಳುತ್ತದೆ, ಕಡ್ಡಿ ಇನ್ನೂ ಬೇಗ ಸವೆಯುತ್ತದೆ, ಮತ್ತಷ್ಟು ಆಂಟಿಮನಿ ಬಿಡುತ್ತದೆ. ಇದೊಂದು ವಿಷವರ್ತುಲ, ಅದನ್ನು ಶುರುಮಾಡಿದ್ದು ತಗಡಿನ ಬಿಸಿ. ನೀರಿನ ದಾಹ ಹೆಚ್ಚಿದರೆ ಗ್ರಿಡ್ ಸವೆದಿರಬಹುದು ಎಂದು ಅನುಮಾನಿಸಬೇಕು. ನೀರು ಹಾಕುತ್ತಿದ್ದೇವಲ್ಲ ಎಂದು ಸುಮ್ಮನಿರುವಂತಿಲ್ಲ.

ಮೇ 11: ಲೋಡ್ ಹಾಕಿ

ಸವೆದ ಕಡ್ಡಿಯನ್ನು ಹೊರಗಿಂದಲೇ ಗುರುತಿಸುವ ದಾರಿ ಇದು. ಪೂರ್ತಿ ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟ ಎರಡೂ ಬ್ಯಾಟರಿಗಳು 12.5 ವೋಲ್ಟ್ ತೋರಿಸುತ್ತಿದ್ದವು, ಗ್ರ್ಯಾವಿಟಿ ಎರಡರಲ್ಲೂ 1.240. ಇನ್ವರ್ಟರ್ ಮೇಲೆ ನಾಲ್ಕು 100 ವ್ಯಾಟ್ ಬಲ್ಬ್ ಹಾಕಿದಾಗ ಬ್ಯಾಟರಿಯಿಂದ ಸುಮಾರು 40 ಆಂಪಿಯರ್ ಹೊರಟಿತು. ಹತ್ತನೇ ಸೆಕೆಂಡಿಗೆ ಕೆಳಗಿನದು 12.1ರಲ್ಲಿತ್ತು, ಮೇಲಿನದು 11.7ಕ್ಕೆ ಕುಸಿದಿತ್ತು. ಅಂದರೆ ಒಳಗಿನ ತಡೆ 10 ಮಿಲಿಓಮ್ ಎದುರು 20. ಮೀಟರಿನ ಮುಳ್ಳನ್ನು ತಂತಿಯ ಲಗ್ಗಿಗೆ ತಾಗಿಸದೆ ನೇರ ಸೀಸದ ಟರ್ಮಿನಲ್‌ಗೇ ಒತ್ತಬೇಕು. ಇಲ್ಲವಾದರೆ ಸಡಿಲ ನಟ್ಟಿನ ತಪ್ಪು ಬ್ಯಾಟರಿಯ ತಲೆಗೆ ಬರುತ್ತದೆ.

ಸಲ್ಫೇಟ್ ಕಟ್ಟಿದ ಬ್ಯಾಟರಿಯಲ್ಲಿ ಗ್ರ್ಯಾವಿಟಿಯೇ ಮೇಲೆ ಬರುವುದಿಲ್ಲ, ದೀರ್ಘ ಚಾರ್ಜ್ ಕೊಟ್ಟರೆ ಒಂದಿಷ್ಟು ಚೇತರಿಸುತ್ತದೆ. ಗ್ರ್ಯಾವಿಟಿ ತುಂಬಿದ್ದು ಲೋಡಿಗೆ ಮಾತ್ರ ಕುಸಿದರೆ ಪುಡಿಯಿಂದ ಟರ್ಮಿನಲ್‌ವರೆಗಿನ ಸೀಸದ ದಾರಿಯೇ ಕಿರಿದಾಗಿದೆ ಎಂದರ್ಥ. ಅದಕ್ಕೆ ಚಾರ್ಜಿನ ಮದ್ದಿಲ್ಲ.

ಮರುದಿನ ಒಂದೊಂದಕ್ಕೂ ಕಾರಿನ ಎರಡು 55 ವ್ಯಾಟ್ ಬಲ್ಬ್ ಕಟ್ಟಿ, ಸುಮಾರು 9 ಆಂಪಿಯರ್‌ನಲ್ಲಿ 10.5 ವೋಲ್ಟ್‌ವರೆಗೆ ಇಳಿಸಿದೆವು. ಕೆಳಗಿನದು 15 ಗಂಟೆ ಬಂತು, 135 ಆಂಪಿಯರ್-ಅವರ್. ಮೇಲಿನದು ಹನ್ನೊಂದೂವರೆ, 103ರ ಸುಮಾರು.

ಮೇ 14: ಟರ್ಮಿನಲ್ ಮತ್ತು ಕಡ್ಡಿ

ಮುಚ್ಚಳದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಕೆಳಗಿನ ಬ್ಯಾಟರಿಯ ಎರಡು ಟರ್ಮಿನಲ್‌ಗಳು ಸಮವಾಗಿವೆ. ಮೇಲಿನದರಲ್ಲಿ ಪಾಸಿಟಿವ್ 4 ಮಿಲಿಮೀಟರ್ ಎದ್ದಿದೆ, ಅದರ ಬುಡದ ಪ್ಲಾಸ್ಟಿಕ್ ಸಣ್ಣ ದಿಬ್ಬದಂತೆ ಉಬ್ಬಿದೆ. ಡೈಆಕ್ಸೈಡ್ ತಾನು ಹುಟ್ಟಿದ ಸೀಸಕ್ಕಿಂತ ಮೂರನೇ ಒಂದರಷ್ಟು ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಡ್ಡಿ ಉದ್ದವಾಗುತ್ತದೆ, ಕೆಳಗೆ ಜಾಗವಿಲ್ಲದೆ ಮೇಲಕ್ಕೆ ತಳ್ಳುತ್ತದೆ. ನೆಗೆಟಿವ್‌ನಲ್ಲಿ ಈ ಸವೆತವಿಲ್ಲ, ಅದು ಏಳುವುದೂ ಇಲ್ಲ.

ಬ್ಯಾಟರಿ ರಿಪೇರಿಯವರ ಬಳಿ, ಇಂಥದ್ದೇ ಒಂದು ಸತ್ತ ಬ್ಯಾಟರಿಯಿಂದ ತೆಗೆದು ತೊಳೆದಿಟ್ಟ ಪಾಸಿಟಿವ್ ಪ್ಲೇಟ್ ಇತ್ತು. ಕೊಳವೆಯ ಬಟ್ಟೆ ಎರಡು ಕಡೆ ಸೀಳಿ ಕಂದು ಪುಡಿ ಹೊರಬಂದಿತ್ತು. ಒಳ್ಳೆಯ ಸೀಸದ ಕಡ್ಡಿ ಬಗ್ಗಿಸಿದರೆ ಬಗ್ಗುತ್ತದೆ. ಇದು ಬೆರಳ ನಡುವೆ ಬಳಪದಂತೆ ಟಕ್ಕೆಂದು ಮುರಿಯಿತು. ಮುರಿದ ಕಡೆ ಹೊಳೆಯುವ ಸೀಸ ಸೂಜಿಯ ದಪ್ಪ ಉಳಿದಿತ್ತು, ಸುತ್ತ ಪೂರ್ತಿ ಕಪ್ಪುಗಂದು ತೊಗಟೆ. ಪುಡಿ ಇನ್ನೂ ಕೆಲಸಕ್ಕೆ ಬರುವಂತಿದ್ದರೂ ಕರೆಂಟ್ ಹೊರಬರಲು ದಾರಿಯಿರಲಿಲ್ಲ. ಮನೆಯಲ್ಲಿ ಬ್ಯಾಟರಿ ಒಡೆದು ನೋಡಲು ಹೋಗಬೇಡಿ. ಆ ಸೀಸದ ಧೂಳು ಮಕ್ಕಳಿರುವ ಮನೆಯ ನೆಲಕ್ಕೆ ಬೀಳಲೇಬಾರದು.

ಜೂನ್: ಬದಲಾವಣೆ

ಮೇಲಿನ ಬ್ಯಾಟರಿ ಇನ್ನು ಕೆಳಗೇ ಇರುತ್ತದೆ. ಮೆಟ್ಟಿಲ ಕೋಣೆಯಲ್ಲಿ ಈಗ ಇನ್ವರ್ಟರ್ ಕೂಡ ಇಲ್ಲ. ಅದನ್ನು ಮೇಲೆ ಬಿಟ್ಟು ಉದ್ದ ತಂತಿ ಎಳೆದರೆ 40 ಆಂಪಿಯರ್‌ಗೆ ತಂತಿಯಲ್ಲೇ ವೋಲ್ಟೇಜ್ ಹೋಗುತ್ತದೆ.

ಎರಡಕ್ಕೂ ಬಿಸಿ ನೋಡಿ ವೋಲ್ಟೇಜ್ ತಗ್ಗಿಸುವ ಚಾರ್ಜರ್ ಹಾಕಿದ್ದೇವೆ. 27 ಡಿಗ್ರಿ ದಾಟಿದ ಪ್ರತಿ ಡಿಗ್ರಿಗೆ ಸೆಲ್‌ಗೆ 3 mV, ಆರು ಸೆಲ್‌ಗೆ 18 mV ಇಳಿಕೆ. 33 ಡಿಗ್ರಿಯಲ್ಲಿ ಫ್ಲೋಟ್ 13.69ಕ್ಕೆ ಬರುತ್ತದೆ. ಸೆನ್ಸರನ್ನು ಗೋಡೆಗೆ ಅಂಟಿಸದೆ ಬ್ಯಾಟರಿಯ ಪಕ್ಕೆಗೆ, ಆ್ಯಸಿಡ್ ಮಟ್ಟಕ್ಕಿಂತ ಕೆಳಗೆ ಟೇಪ್ ಹಾಕಿ ಕೂರಿಸಿದೆವು. ನೀರು ಉಳಿಯಲಿ ಎಂದು 13.2ಕ್ಕಿಂತ ಕೆಳಗೆ ಒತ್ತುವುದು ತಪ್ಪು. ಆಗ ಚಾರ್ಜ್ ಅರೆಬರೆಯಾಗಿ ಸಲ್ಫೇಟ್ ಕಟ್ಟುತ್ತದೆ.

ಜೂನ್ ತಿಂಗಳ ಫಲ: ಮೇಲಿಂದ ಬಂದ ಬ್ಯಾಟರಿಯ ಫ್ಲೋಟ್ ಕರೆಂಟ್ 0.46ರಿಂದ 0.37ಕ್ಕೆ ಇಳಿಯಿತು, ತಿಂಗಳಿಗೆ ಹಿಡಿದ ನೀರು 540 ಗ್ರಾಂ. ಏಪ್ರಿಲ್‌ನಲ್ಲಿ 1210 ಇತ್ತು. ಸವೆದ ಕಡ್ಡಿ ಮರಳಿ ಬೆಳೆಯುವುದಿಲ್ಲ, ಹಾಗಾಗಿ 103 ಆಂಪಿಯರ್-ಅವರ್ ಅಷ್ಟಕ್ಕೇ ನಿಂತಿದೆ. ಇದಕ್ಕೆ ಎರಡು ಫ್ಯಾನ್ ಮತ್ತು ದೀಪ ಮಾತ್ರ, 15 ಆಂಪಿಯರ್ ಒಳಗೆ. ಮಿಕ್ಸರ್, ಪಂಪು ಎಲ್ಲ ಕೆಳಗಿನ ಬ್ಯಾಟರಿಗೆ ಹೋಗಿವೆ. ಪಾಸಿಟಿವ್ ಟರ್ಮಿನಲ್ ಬುಡದಲ್ಲಿ ಗೆರೆ ಎಳೆದಿಟ್ಟಿದ್ದೇವೆ. ದಸರಾ ಹೊತ್ತಿಗೆ ಅದೇ ಸ್ಟೀಲ್ ಸ್ಕೇಲ್ ಇಟ್ಟು ಮತ್ತೆ ಅಳೆಯುತ್ತೇವೆ.