ಎರಡು ಕಿಲೋ ಇಳಿಸಿದ ಅಕ್ಕ

ನಮ್ಮ ಶಿವಮೊಗ್ಗದ ಜಿಮ್ಮಿನಲ್ಲಿ ಪ್ರತಿ ತಿಂಗಳು ಒಬ್ಬ ಸದಸ್ಯರ ಬಗ್ಗೆ ಪೋಸ್ಟ್ ಹಾಕುವ ಕೆಲಸ ನನ್ನದು. ಸಾಮಾನ್ಯವಾಗಿ ಅಕ್ಕಪಕ್ಕ ಎರಡು ಫೋಟೋ, ನಡುವೆ ಒಂದು ಬಾಣ, ಕೆಳಗೆ ಎಷ್ಟು ಕಿಲೋ ಅಂತ ದಪ್ಪ ಅಕ್ಷರ. ಈ ಸಲದ ಅಕ್ಕ ಒಂದು ವರ್ಷದಲ್ಲಿ ಇಳಿಸಿದ್ದು ಎರಡು ಕಿಲೋ. ಅದನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕೆಂದರೆ ಮದುವೆ ಊಟ ಮಾಡಿ ಬಂದ ಮರುದಿನ ಉಪ್ಪು, ಅನ್ನದಿಂದ ಮೈಯಲ್ಲಿ ನೀರು ನಿಂತು ಹೆಚ್ಚುಕಡಿಮೆ ಅಷ್ಟೇ ತೂಕ ಏರುತ್ತದೆ, ಎರಡು ಮೂರು ದಿನ ಬಿಟ್ಟರೆ ತಾನೇ ಇಳಿಯುತ್ತದೆ. ಫೋಟೋ ವಿಷಯ ಹೇಳುವುದೇ ಬೇಡ. ಬೆಳಕು ಬದಲಿಸಿ, ಹೊಟ್ಟೆ ಒಳಗೆಳೆದುಕೊಂಡರೆ ಐದು ನಿಮಿಷದಲ್ಲೇ ಮೊದಲು, ಆಮೇಲೆ ಎರಡೂ ಸಿಗುತ್ತವೆ.

ಅಕ್ಕನಿಗೆ ಐವತ್ತು ದಾಟಿದೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿ. ಬಂದ ಹೊಸದರಲ್ಲಿ ಬೆಂಚಿನಿಂದ ಏಳಬೇಕಾದರೆ ತೊಡೆ ಮೇಲೆ ಎರಡೂ ಕೈ ಊರುತ್ತಿದ್ದರು. ಹಾಗಾಗಿ ಟ್ರೆಡ್‌ಮಿಲ್‌ಗೆ ಹತ್ತಿಸದೆ ಏಳುವುದನ್ನೇ ವ್ಯಾಯಾಮ ಮಾಡಿದೆವು. ಬೆಂಚಿನ ಮೇಲೆ ರಬ್ಬರ್ ಪ್ಲೇಟ್ ಜೋಡಿಸಿ ಎತ್ತರ ಮಾಡುವುದು, ಕೈ ಊರದೆ ಎಂಟು ಸಲ ಎದ್ದು ಕೂರುವುದು, ಸ್ವಲ್ಪ ಸುಧಾರಿಸಿಕೊಂಡು ಇನ್ನೆರಡು ಸುತ್ತು. ಕೊನೆಯ ಸಲವೂ ಸಲೀಸಾಗಿ ಬರಲು ಶುರುವಾದ ಮೇಲೆ ಒಂದು ಪ್ಲೇಟ್ ತೆಗೆಯುವುದು. ಕೂರುವಾಗ ಕೊನೆಗೆ ಧೊಪ್ ಅಂತ ಬಿದ್ದರೆ, ಅಥವಾ ಏಳುವಾಗ ಮೊಣಕಾಲು ಎರಡೂ ಒಳಗೆ ವಾಲಿದರೆ ಆ ಎತ್ತರ ಇನ್ನೂ ಕಷ್ಟ ಅಂತ ಅರ್ಥ. ಆಗ ತೆಗೆದ ಪ್ಲೇಟನ್ನು ಮತ್ತೆ ಹಾಕುತ್ತೇವೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಪ್ಲೇಟ್ ಎಲ್ಲ ಹೋದ ಮೇಲೆ ಎದೆಗೆ ನಾಲ್ಕು ಕಿಲೋ ಡಂಬೆಲ್ ಹಿಡಿದರು. ಈಗ ಹತ್ತು ಕಿಲೋ.

ಇದೆಲ್ಲ ಆಗಿದ್ದು ಅವರು ಬರುವುದು ತಪ್ಪಿಸಲಿಲ್ಲ ಅನ್ನುವ ಕಾರಣಕ್ಕೆ, ತಪ್ಪಿಸದೆ ಬಂದಿದ್ದು ಛಲದಿಂದ ಅಂತ ಮಾತ್ರ ನನಗೆ ಅನಿಸುವುದಿಲ್ಲ. ಶುರುವಿನಲ್ಲಿ ಪುರುಸೊತ್ತಾದಾಗ ಬರುತ್ತಿದ್ದರು, ಅಂದರೆ ಬರುತ್ತಲೇ ಇರಲಿಲ್ಲ. ಆಮೇಲೆ ಮಂಡಿ ಬಾಗಿಲು ಹಾಕಿದ ಕೂಡಲೇ, ಮನೆಗೆ ಹೋಗದೆ, ಸೀದಾ ಇಲ್ಲಿಗೆ ಅಂತ ಮಾಡಿಕೊಂಡರು. ಶೂ ಸ್ಕೂಟರ್ ಡಿಕ್ಕಿಯಲ್ಲೇ ಇರುತ್ತದೆ. ‘ಮನೆಗೆ ಹೋಗಿ ಒಂದು ಸಲ ಕಾಫಿ ಕುಡಿದರೆ ಮುಗೀತು ಮಾರಾಯ, ಮತ್ತೆ ಏಳೋದಿಲ್ಲ’ ಅಂತ ಅವರೇ ಹೇಳುತ್ತಾರೆ.

ಜುಲೈ ಮಳೆಯಲ್ಲಿ ನಮ್ಮ ಜಿಮ್ ಅರ್ಧ ಖಾಲಿ. ಹೊಸ ಅಡಿಕೆ ಬರುವ ತಿಂಗಳುಗಳಲ್ಲಿ ಅಕ್ಕನಿಗೆ ಮಂಡಿಯಲ್ಲೇ ರಾತ್ರಿಯಾಗುತ್ತದೆ. ಅಂಥ ದಿನಗಳಿಗೆ ಅಂತಲೇ ಚಿಕ್ಕ ಆವೃತ್ತಿ ಇಟ್ಟುಕೊಂಡಿದ್ದೇವೆ: ಬೆಂಚಿನಿಂದ ಏಳುವ ಮೂರು ಸುತ್ತು ಮಾಡಿ, ಹತ್ತು ನಿಮಿಷದಲ್ಲಿ ಹೊರಡಬಹುದು. 21 ದಿನ ಮಾಡಿದರೆ ಅಭ್ಯಾಸ ಅಂಟಿಕೊಳ್ಳುತ್ತದೆ ಅನ್ನುತ್ತಾರಲ್ಲ, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಬಂದ ಮಧ್ಯದ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಅಂಥಾ ನಷ್ಟವೇನೂ ಆಗುವುದಿಲ್ಲ ಅಂತಲೂ ಅದರಲ್ಲಿ ಕಂಡಿತು. ಇದನ್ನು ಹೇಳಿದ ಮೇಲೆ ಅಕ್ಕ ಒಂದು ದಿನ ಬಿಟ್ಟಿದ್ದಕ್ಕೆ ವಾರವಿಡೀ ಬಿಡುವುದು ನಿಂತಿತು.

ಊಟದಲ್ಲಿ ಬದಲಾಗಿದ್ದು ಒಂದೇ. ಅಕ್ಕಿ ರೊಟ್ಟಿ ಬಿಡಿ ಅಂತ ಮಲೆನಾಡಿನವರಿಗೆ ಹೇಳಿ ನೋಡಿ, ಮರುದಿನ ನಿಮ್ಮ ಮುಖ ನೋಡುವುದಿಲ್ಲ. ರೊಟ್ಟಿ ಇರಲಿ, ಚಟ್ನಿ ಜೊತೆ ಕಾಳೂ ಇರಲಿ ಅಂದೆ. ಮೊಟ್ಟೆ ಅವರ ಮನೆಯಲ್ಲಿ ನಡೆಯುವುದಿಲ್ಲ, ಹಾಗಾಗಿ ಹೆಸರುಕಾಳಿನ ಉಸಲಿ. ಬೇಯಿಸಿದ ಕಾಳು 200 ಗ್ರಾಂ ಆದರೆ ಸುಮಾರು 14 ಗ್ರಾಂ ಪ್ರೋಟೀನ್. ಈ ವಯಸ್ಸಿನಲ್ಲಿ ಸ್ನಾಯು ಸುಮ್ನೆ ಕೂತರೂ ಕರಗುತ್ತಾ ಹೋಗುತ್ತದೆ. ಬೆಂಚಿನ ವ್ಯಾಯಾಮಕ್ಕೆ ಈ ಪ್ರೋಟೀನ್ ಸೇರದಿದ್ದರೆ ಅದನ್ನು ಉಳಿಸಿಕೊಳ್ಳುವುದು ಕಷ್ಟ.

ಒಂದು ಮಾತು ಸೇರಿಸಬೇಕು. ಸಕ್ಕರೆ ಕಾಯಿಲೆಗೋ ಮೊಣಕಾಲು ನೋವಿಗೋ ಡಾಕ್ಟರೇ ತೂಕ ಇಳಿಸಿ ಅಂದಿದ್ದರೆ ಅಂಥವರಿಗೆ ತಕ್ಕಡಿ ಬೇಕೇ ಬೇಕು, ಅದನ್ನು ಬದಿಗಿಡಿ ಅಂತ ನಾನು ಹೇಳುತ್ತಿಲ್ಲ. ಈ ಅಕ್ಕನಿಗೆ ಅಂಥ ಸೂಚನೆ ಇರಲಿಲ್ಲ.

ಪೋಸ್ಟ್‌ಗೆ ಫೋಟೋ ಬೇಡ ಅಂದರು, ಹೆಸರೂ ಬೇಡ ಅಂದರು, ಬರೆಯಲು ಒಪ್ಪಿದರು. ಮಳೆ ನಿಂತ ಮೇಲೆ ತಂಗಿ ಮನೆಯವರ ಜೊತೆ ತೀರ್ಥಹಳ್ಳಿ ಕಡೆಯ ಕವಲೇದುರ್ಗ ಹತ್ತಬೇಕಂತೆ. ಅಲ್ಲಿ ಕಲ್ಲು ಹಾಸಿದ ದಾರಿಯಲ್ಲಿ ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲಿಗೆ ಜಾಸ್ತಿ ಕಷ್ಟ. ಅದಕ್ಕೇ ಈ ವಾರದಿಂದ ಗಿಡ್ಡ ಪೆಟ್ಟಿಗೆಯ ಮೇಲೆ ನಿಂತು ಒಂದೊಂದೇ ಕಾಲು ನಿಧಾನಕ್ಕೆ, ಮೂರು ಎಣಿಸುತ್ತಾ ನೆಲಕ್ಕೆ ಇಳಿಸುವುದನ್ನು ಶುರು ಮಾಡಿದ್ದೇವೆ.