ಕಾಂಪೋಸಿಟ್ ಕಾಲಮ್‌ನಲ್ಲಿ ಯಾರು ಎಷ್ಟು ಹೊರುತ್ತಾರೆ?

ನಮ್ಮ ಡಿಸೈನ್ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಾಂಪೋಸಿಟ್ ಕಾಲಮ್‌ನ ಲೆಕ್ಕ ಹಿಡಿದು ಬಂದಳು. "ಸರ್, ಮಾಡ್ಯುಲರ್ ರೇಷಿಯೋ ಎಂಟು ಬಂದಿದೆ. ಅಂದ್ರೆ ಹೆಚ್ಚಿನ ಲೋಡ್ ಸ್ಟೀಲೇ ಹೊರುತ್ತೆ ಅಲ್ವಾ?" ಈ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹಾಗಾಗಿ ಅವಳ ಕಾಲಮನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಗೋದಾಮಿನ ಕಾಲಮ್ ಅದು. 400×400 ಮಿ.ಮೀ. ಚೌಕ, ಎಂ25 ಕಾಂಕ್ರೀಟ್, ನಡುವೆ ಐಎಸ್‌ಹೆಚ್‌ಬಿ 250 ಸೆಕ್ಷನ್. ಉಕ್ಕಿನ ಅಡ್ಡಕೊಯ್ತ ಸುಮಾರು 6,500 ಚದರ ಮಿ.ಮೀ., ಉಳಿದ 1,53,500 ಕಾಂಕ್ರೀಟಿನದು. ಮೂಲೆಯ ಸಣ್ಣ ಸರಳುಗಳನ್ನು ಸದ್ಯ ಬಿಡೋಣ. ಸರ್ವೀಸ್ ಲೋಡ್ 1,200 ಕಿಲೋನ್ಯೂಟನ್. ಐಎಸ್ 456 ಪ್ರಕಾರ ಎಂ25ರ ಇಲಾಸ್ಟಿಕ್ ಮಾಡ್ಯುಲಸ್ `Ec = 5000√25 = 25000`, ಉಕ್ಕಿನದು 2,00,000. ಹಾಗಾಗಿ ಇವೆರಡರ ಅನುಪಾತ, ಅಂದರೆ ಮಾಡ್ಯುಲರ್ ರೇಷಿಯೋ, m = 8.

ಉಕ್ಕು ಮತ್ತು ಕಾಂಕ್ರೀಟ್ ಎರಡೂ ಒಂದೇ ಅಳತೆಯಲ್ಲಿ ಕುಗ್ಗಿದರೆ ಉಕ್ಕಿನ ಸ್ಟ್ರೆಸ್ ಕಾಂಕ್ರೀಟಿನ ಎಂಟು ಪಟ್ಟು. ಇದು ಸ್ಟ್ರೆಸ್‌ನ ಮಾತು, ಲೋಡ್‌ನದಲ್ಲ. ಲೋಡ್ ಬೇಕಾದರೆ ವಿಸ್ತೀರ್ಣದಿಂದ ಗುಣಿಸಲೇಬೇಕು:

```
Aeq = 153500 + 8 × 6500 = 205500
fc  = 1200000 / 205500 = 5.84
fs  = 8 × 5.84 = 46.7
```

ಉಕ್ಕಿನ ಪಾಲು ಸುಮಾರು 304 ಕಿಲೋನ್ಯೂಟನ್, ಕಾಂಕ್ರೀಟಿನದು 896. ಉಕ್ಕು ಹೊರುವುದು ಕಾಲು ಭಾಗ ಮಾತ್ರ. ಹುಡುಗಿ ಅಚ್ಚರಿಪಟ್ಟಳು. ಆದರೆ ಈ ಹಂಚಿಕೆ ಹೀಗೇ ಉಳಿಯುವುದಿಲ್ಲ.

ಕಾಂಕ್ರೀಟ್ ಮೇಲೆ ಭಾರ ನಿಂತಷ್ಟು ಕಾಲ ಅದು ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ. ಅದೇ ಕ್ರೀಪ್. ಉಕ್ಕಿಗೆ ಆ ಗುಣ ಇಲ್ಲ, ಆದ್ದರಿಂದ ಕಾಂಕ್ರೀಟ್ ಬಿಟ್ಟುಕೊಟ್ಟ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. 28 ದಿನಕ್ಕೆ ಲೋಡ್ ಕೊಟ್ಟರೆ ಐಎಸ್ 456 ಹೇಳುವ ಕ್ರೀಪ್ ಗುಣಾಂಕ 1.6. `Ec` ಅನ್ನು 2.6ರಿಂದ ಭಾಗಿಸಿದರೆ m ಸುಮಾರು 20.8 ಆಗುತ್ತದೆ. ಅದೇ ಲೆಕ್ಕ ಮತ್ತೆ ಹಾಕಿದರೆ ಕಾಂಕ್ರೀಟಿನ ಸ್ಟ್ರೆಸ್ 4.16ಕ್ಕೆ ಇಳಿಯುತ್ತದೆ, ಉಕ್ಕಿನದು 86.5ಕ್ಕೆ ಏರುತ್ತದೆ. ಉಕ್ಕಿನ ಪಾಲು ಈಗ 562 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಅರ್ಧ. ಗೋದಾಮಾದ್ದರಿಂದ ಪೂರ್ತಿ ಭಾರವೂ ಕಾಯಂ ಎಂದು ಹಿಡಿದಿದ್ದೇನೆ; ಬಂದು ಹೋಗುವ ಲೋಡ್‌ಗೆ m = 8 ಸಾಕು.

ಹಾಗಾದರೆ ಯಾವುದನ್ನು ಬಳಸಬೇಕು? ನನ್ನ ಅಭಿಪ್ರಾಯದಲ್ಲಿ ಎರಡನ್ನೂ, ಆದರೆ ಬೇರೆ ಬೇರೆ ಚೆಕ್‌ಗೆ. ಸರ್ವೀಸ್‌ನಲ್ಲಿ ಉಕ್ಕಿನ ಸ್ಟ್ರೆಸ್ ನೋಡುವಾಗ, ಕಾಲಮ್ ಎಷ್ಟು ಕುಗ್ಗುತ್ತದೆ ಎಂದು ನೋಡುವಾಗ ದೊಡ್ಡ m. ಉಕ್ಕಿನಿಂದ ಕಾಂಕ್ರೀಟಿಗೆ ಎಷ್ಟು ಲೋಡ್ ದಾಟಬೇಕು ಎಂದು ನೋಡುವಾಗ ಚಿಕ್ಕ m, ಏಕೆಂದರೆ ಕಾಂಕ್ರೀಟಿನ ಪಾಲು ಮೊದಲ ದಿನಗಳಲ್ಲೇ ಅತಿ ಹೆಚ್ಚು. ಕಾಲಮ್‌ನ ಅಂತಿಮ ಸಾಮರ್ಥ್ಯಕ್ಕೆ ಎರಡೂ ಬೇಡ. ಅಲ್ಲಿ ಉಕ್ಕು ಯೀಲ್ಡ್ ಆಗಿರುತ್ತದೆ, ಎರಡರ ಬಲವನ್ನೂ ನೇರವಾಗಿ ಕೂಡಿಸುತ್ತೇವೆ.

ದಾಟುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀಮ್‌ಗಳು ಕ್ಲೀಟ್ ಮೂಲಕ ಉಕ್ಕಿನ ಫ್ಲ್ಯಾಂಜ್‌ಗೆ ಬೋಲ್ಟ್ ಆಗಿರುತ್ತವೆ, ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ. ಈ ಕಾಲಮ್‌ಗೆ ಒಂದು ಮಹಡಿಯಿಂದ 500 ಕಿಲೋನ್ಯೂಟನ್ ಬರುತ್ತದೆ. ಅದರ ಮುಕ್ಕಾಲು ಭಾಗ, ಅಂದರೆ 373, ಕಾಂಕ್ರೀಟಿಗೆ ಹೋಗಬೇಕು, 1.5ರಿಂದ ಗುಣಿಸಿದರೆ 560. ಯೂರೋಕೋಡ್ 4 ಈ ವರ್ಗಾವಣೆಗೆ ಕಾಲಮ್ ಅಗಲದ ಎರಡು ಪಟ್ಟು ಅಥವಾ ಎತ್ತರದ ಮೂರನೇ ಒಂದು, ಯಾವುದು ಕಡಿಮೆಯೋ ಅಷ್ಟು ಉದ್ದ ಕೊಡುತ್ತದೆ. ಇಲ್ಲಿ 800 ಮಿ.ಮೀ. ಪೂರ್ತಿ ಮುಚ್ಚಿದ ಸೆಕ್ಷನ್‌ಗೆ ಬಾಂಡ್ ಚದರ ಮಿ.ಮೀ.ಗೆ 0.30 ನ್ಯೂಟನ್. ಸೆಕ್ಷನ್‌ನ ಸುತ್ತಳತೆ 1,480 ಮಿ.ಮೀ. ಹಿಡಿದರೆ ಬಾಂಡ್‌ನಿಂದ 355 ಮಾತ್ರ ಸಿಗುತ್ತದೆ. ಬಾಂಡ್ ಸಾಲದ ಈ ಜಾಗದಲ್ಲಿ ಪೂರ್ತಿ 560ಕ್ಕೂ ಶಿಯರ್ ಸ್ಟಡ್ ಹಾಕುವುದು ನನ್ನ ಪದ್ಧತಿ.

ಆ 0.30 ಕೂಡ ಸಿಗುವುದು ಬಣ್ಣ ಬಳಿಯದ, ಎಣ್ಣೆ ಮತ್ತು ಉದುರುವ ತುಕ್ಕು ಇಲ್ಲದ ಉಕ್ಕಿಗೆ. ಫ್ಯಾಬ್ರಿಕೇಟರ್‌ಗಳು ಅಭ್ಯಾಸಬಲದಿಂದ ಎಲ್ಲ ಸೆಕ್ಷನ್‌ಗೂ ರೆಡ್ ಆಕ್ಸೈಡ್ ಹೊಡೆದು ಕಳಿಸುತ್ತಾರೆ. ಸೈಟ್‌ನಲ್ಲಿ ಶಟರಿಂಗ್ ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಬಾಂಡ್ ಇಲ್ಲದಿದ್ದರೆ, ಸ್ಟಡ್ಡೂ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಕುಗ್ಗುತ್ತವೆ ಎಂಬ ಊಹೆಯೇ ಆ ಜಾಗದಲ್ಲಿ ಬಿದ್ದುಹೋಗುತ್ತದೆ. 1,200 ಪೂರ್ತಿ ಉಕ್ಕಿನ ಮೇಲೇ ನಿಂತರೆ ಸ್ಟ್ರೆಸ್ 185. ಆದ್ದರಿಂದ ಅವಳ ಡ್ರಾಯಿಂಗ್‌ನಲ್ಲಿ ಸ್ಟಡ್ ಸಾಲಿನ ಪಕ್ಕ "ಕಾಂಕ್ರೀಟ್ ಒಳಗಿನ ಭಾಗಕ್ಕೆ ಪ್ರೈಮರ್ ಬೇಡ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದೆ. ಶಟರಿಂಗ್ ಮುಚ್ಚುವ ಮುನ್ನಿನ ಚೆಕ್‌ಲಿಸ್ಟ್‌ಗೂ ಅದೇ ಸಾಲು ಸೇರಿದೆ.