30 ಎಂಎಲ್ ಆಯಿಲ್

ಆ ಮೇಲ್ ಇನ್ನೂ ನನ್ನ ಸೆಂಟ್ ಐಟಮ್ಸ್‌ನಲ್ಲಿದೆ. ಬ್ಯಾಟರಿಯ ಕಂಟ್ರೋಲ್ ನೋಡಿಕೊಳ್ಳುವ ಬಿಎಂಎಸ್ ಟೀಮಿಗೆ ಬರೆದದ್ದು, ಸಿಸಿಯಲ್ಲಿ ನನ್ನ ಬಾಸು, ಅವರ ಬಾಸು. "ಐಎಂಡಿ ತಪ್ಪು ರೀಡಿಂಗ್ ಕೊಡುತ್ತಿದೆ, ಡೆಮೊ ಮುಗಿಯುವ ತನಕ ಥ್ರೆಶೋಲ್ಡ್ ಇಳಿಸಿ" ಅಂತ. ಐಎಂಡಿ ಅಂದ್ರೆ ಎಲೆಕ್ಟ್ರಿಕ್ ಕಾರಿನಲ್ಲಿ ಹೈ ವೋಲ್ಟೇಜ್ ಬಾಡಿಯ ಲೋಹಕ್ಕೆ ಲೀಕ್ ಆಗ್ತಿದೆಯಾ ಅಂತ ಕಾಯುವ ಸಾಧನ, ಥ್ರೆಶೋಲ್ಡ್ ಅಂದ್ರೆ ಅದು ಕಾರು ನಿಲ್ಲಿಸುವ ಮಿತಿ. ಮೇಲ್ ಕಳಿಸಿದ್ದು ಬೆಳಿಗ್ಗೆ ಹತ್ತೂಕಾಲಿಗೆ. ಸಂಜೆ ನಾಲ್ಕರ ಹೊತ್ತಿಗೆ ತಪ್ಪು ಯಾರದ್ದು ಅಂತ ವರ್ಕ್‌ಶಾಪಿಗೆಲ್ಲ ಗೊತ್ತಾಗಿತ್ತು.

ನಾನು ಡೀಸೆಲ್ ಮನುಷ್ಯ. 18 ವರ್ಷ ಕಾಮನ್ ರೈಲ್, ಇಂಜೆಕ್ಟರ್, ಇಜಿಆರ್ ಅಂತಲೇ ಕಳೆದವನು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಡಿಪಿಎಫ್ ಜೊತೆ ಗುದ್ದಾಡಿ ಅರ್ಧ ತಲೆಗೂದಲು ಬೆಳ್ಳಗಾಯಿತು. ಆಮೇಲೆ ಕಂಪನಿ ಸಣ್ಣ ಡೀಸೆಲ್ ಇಂಜಿನ್ ನಿಲ್ಲಿಸಿ ನಮ್ಮಲ್ಲಿ ಕೆಲವರನ್ನು ಇವಿ ವೆಹಿಕಲ್ ಇಂಟಿಗ್ರೇಶನ್‌ಗೆ ಹಾಕಿತು. ಹೆದರಿಕೆ ಇದ್ದದ್ದು ಬ್ಯಾಟರಿ ಮೇಲೆ. ಹಾಗಾಗಿ ಆರು ತಿಂಗಳು ಸೆಲ್ ಕೆಮಿಸ್ಟ್ರಿ, ಇನ್ವರ್ಟರ್ ಎಲ್ಲ ಓದಿದೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ ನೋಟ್ಸ್ ಬರೆದೆ. ಎಸಿ ಬಗ್ಗೆ ಒಂದು ಸಾಲೂ ಓದಲಿಲ್ಲ. ಎಸಿ ನನಗೆ ಗೊತ್ತಲ್ಲ!

ಡೆಮೊಗೆ ಒಂದು ವಾರ ಇರುವಾಗ ಪ್ರೋಟೊ ಕಾರಿನಲ್ಲಿ ಕೂಲಿಂಗ್ ಕಮ್ಮಿ ಅಂತ ಕಂಪ್ಲೇಂಟ್ ಬಂತು. ಕಂಡೆನ್ಸರ್ ಪೈಪಿನ ಜಾಯಿಂಟಲ್ಲಿ ಓ-ರಿಂಗ್ ಹೋಗಿತ್ತು, ಸುತ್ತ ಆಯಿಲ್ ಜಿನುಗಿತ್ತು. ಗ್ಯಾಸ್ ರಿಕವರ್ ಮಾಡಿ, ಓ-ರಿಂಗ್ ಬದಲಿಸಿ, ವ್ಯಾಕ್ಯೂಮ್ ಹಾಕಿ, ಮತ್ತೆ ಚಾರ್ಜ್ ಮಾಡಿಸಿದೆ. ಹೋದ ಆಯಿಲ್ ತುಂಬಬೇಕಿತ್ತು. ಪಕ್ಕದ ಡೀಸೆಲ್ ಬೇಯಿಂದ ಪಿಎಜಿ 46 ಅನ್ನುವ ಎಸಿ ಆಯಿಲ್ ಬಾಟಲಿ ತರಿಸಿ, "ಒಂದು 30 ಎಂಎಲ್ ಹಾಕು" ಅಂದೆ. ಟೆಕ್ನಿಷಿಯನ್ ಒಂದು ಕ್ಷಣ ಬಾಟಲಿ ನೋಡಿದ. "ಇದೇ ಹಾಕೋದಾ ಸಾರ್?" ಅಂದ. "ಕಂಪ್ರೆಸರ್ ಅಂದ್ರೆ ಕಂಪ್ರೆಸರೇ ಕಣಯ್ಯ, ಹಾಕು" ಅಂದೆ. ಪಾಪ, ಹಾಕಿದ. ಕೂಲಿಂಗ್ ಚೆನ್ನಾಗಿ ಬಂತು. ನಾನೂ ಬೆನ್ನು ತಟ್ಟಿಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಕಾರು ಕೈ ಕೊಟ್ಟಿತು. ರೆಡಿ ಲ್ಯಾಂಪ್ ಬರುತ್ತೆ, ಅರ್ಧ ನಿಮಿಷ ಇರುತ್ತೆ, ಐಸೊಲೇಶನ್ ಫಾಲ್ಟ್ ಅಂತ ತೋರಿಸಿ, ಬ್ಯಾಟರಿ ಪ್ಯಾಕನ್ನು ಕಾರಿನ ಉಳಿದ ಭಾಗಕ್ಕೆ ಜೋಡಿಸುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಓಪನ್ ಆಗುತ್ತೆ. ಹಿಂದಿನ ರಾತ್ರಿ ಡೆಮೊಗೆ ಅಂತ ಕಾರು ತೊಳೆದಿದ್ದರು. ನನ್ನ ತಲೆ ಸೀದಾ ನೀರಿನ ಕಡೆಗೇ ಹೋಯಿತು. ಡಿಸ್ಟ್ರಿಬ್ಯೂಟರ್ ಕಾಲದಿಂದ ಕಲಿತ ಪಾಠ ಅದು, ತೊಳೆದ ಮೇಲೆ ಸ್ಟಾರ್ಟ್ ಆಗದಿದ್ದರೆ ಒಣಗಿಸು. ಈ ಕಾರಿನ ಚಾರ್ಜಿಂಗ್ ಇನ್ಲೆಟ್ ಮುಂದಿನ ಗ್ರಿಲ್ಲಿನಲ್ಲೇ ಇದೆ. ಬಾನೆಟ್ ತೆಗೆಸಿ ಮುಕ್ಕಾಲು ಗಂಟೆ ಬಿಸಿ ಗಾಳಿ ಹೊಡೆಸಿದೆ. ಫಾಲ್ಟ್ ಹೋಯಿತು. ಇನ್ಲೆಟ್ ಸೀಲ್ ಸರಿ ಇಲ್ಲ ಅಂತ ವೆಂಡರ್‌ಗೆ ಒಂದು ಖಾರದ ಮೇಲ್ ಬೇರೆ ಹಾಕಿದೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ. ಆ ರಾತ್ರಿ ಯಾರೂ ಕಾರು ತೊಳೆದಿರಲಿಲ್ಲ.

ಅವತ್ತೇ ನನ್ನ ಮಲ್ಟಿಮೀಟರ್ ಹೊರಗೆ ಬಂದದ್ದು. ಸರ್ವಿಸ್ ಪ್ಲಗ್ ಎಳೆದು, ಜಂಕ್ಷನ್ ಬಾಕ್ಸಿನ ಪಕ್ಕದ ಕಿತ್ತಳೆ ಕನೆಕ್ಟರಿಗೆ ಕೈ ಹಾಕಲು ಹೋದೆ. "ಸಾರ್, ಕೈ!" ಅಂತ ಹಿಂದಿನಿಂದ ಕೂಗು. ಎಚ್‌ವಿ, ಅಂದರೆ ಹೈ ವೋಲ್ಟೇಜ್ ಟೀಮಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಬಹುದು. ನನ್ನ ಕೈಯಲ್ಲಿ ಗ್ಲೌಸ್ ಇಲ್ಲ, ಉಂಗುರ ಇದೆ, ಸ್ಟೀಲ್ ಚೈನಿನ ವಾಚ್ ಇದೆ. ಪ್ಲಗ್ ಎಳೆದು ಒಂದು ನಿಮಿಷವೂ ಆಗಿರಲಿಲ್ಲ. ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗೆ ನಾವು ಪ್ಲಗ್ ಎಳೆದದ್ದು ಗೊತ್ತಾಗಲ್ಲ, ಅದು ತನ್ನ ಪಾಡಿಗೆ ಚಾರ್ಜ್ ಹಿಡಿದುಕೊಂಡು ಕೂತಿರಬಹುದು. ಇಂಜಿನ್ ಆಫ್ ಅಂದ್ರೆ ಆಫ್ ಅಂತ 18 ವರ್ಷ ಬದುಕಿದ ಕೈ ನನ್ನದು. ರೇಡಿಯೇಟರ್ ಕ್ಯಾಪ್ ಬಿಟ್ಟರೆ ಬೇರೆ ಯಾವುದಕ್ಕೂ ಕಾದದ್ದೇ ಇಲ್ಲ.

ಅವಳು ನನಗೆ ಗ್ಲೌಸ್ ಕೊಟ್ಟಳು. ಅದನ್ನು ಹಾಕುವ ಮುಂಚೆ ಕೈ ತೂರಿಸುವ ತುದಿಯಿಂದ ಸುತ್ತುತ್ತಾ ಬಂದು, ಒಳಗೆ ಗಾಳಿ ಹಿಡಿದು, ತೂತು ಇದೆಯಾ ಅಂತ ಒತ್ತಿ ನೋಡಬೇಕು. ಆಮೇಲೆ ಕಾಯಬೇಕು. ನಮ್ಮ ಕಾರಿಗೆ ಬರೆದಿರುವುದು 10 ನಿಮಿಷ. ಬಾಸು ಗಾಜಿನ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಾ ನನ್ನನ್ನೇ ನೋಡುತ್ತಿದ್ದರು. ರಬ್ಬರ್ ಗ್ಲೌಸಿನೊಳಗೆ ಬೆವರು ಬೆರಳ ತುದಿಗೆ ಇಳಿದು ಪಚಪಚ ಅನ್ನುತ್ತಿತ್ತು. ಹತ್ತು ನಿಮಿಷ ಇಷ್ಟು ಉದ್ದ ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅವಳು ಮೀಟರನ್ನು ಮೊದಲು ಒಂದು 12 ವೋಲ್ಟ್ ಬ್ಯಾಟರಿಗೆ ಹಿಡಿದಳು, ಆಮೇಲೆ ಬಸ್‌ಬಾರ್‌ಗೆ, ಮತ್ತೆ ಅದೇ 12 ವೋಲ್ಟಿಗೆ. ಮಧ್ಯದ್ದು ಸೊನ್ನೆ ತೋರಿಸಿದ್ದು ವೋಲ್ಟೇಜ್ ಇಲ್ಲದ್ದಕ್ಕಾ, ಮೀಟರ್ ಸತ್ತಿದ್ದಕ್ಕಾ ಅಂತ ಸಂಶಯ ಉಳಿಯಬಾರದಲ್ಲ.

ನಾನು ಓಮ್ಸ್‌ಗೆ ತಿರುಗಿಸಿ ಬಸ್‌ಗೂ, ಅಂದರೆ ಹೈ ವೋಲ್ಟೇಜ್ ಲೈನಿಗೂ, ಕಾರಿನ ಬಾಡಿಗೂ ಮಧ್ಯೆ ನೋಡಿದೆ. ಓಎಲ್. ತಿರುಗಿಸಿ ಹಿಡಿದೆ, ಮತ್ತೆ ಓಎಲ್, ಅಂದರೆ ಮೀಟರಿನ ಅಳತೆಗೆ ಸಿಗದಷ್ಟು ರೆಸಿಸ್ಟೆನ್ಸ್. "ನೋಡಮ್ಮ, ಕಾರಲ್ಲಿ ಏನೂ ಇಲ್ಲ, ನಿಮ್ಮ ಐಎಂಡಿಯೇ ಸುಳ್ಳು ಹೇಳ್ತಿದೆ" ಅಂದೆ. "ಸಾರ್, ಮೆಗ್ಗರ್ ಹಾಕಿ ನೋಡೋಣ" ಅಂದಳು. ನೂರಾರು ವೋಲ್ಟ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್ ಅದು, ಕ್ಯಾಲಿಬ್ರೇಶನ್‌ನಿಂದ ಮಧ್ಯಾಹ್ನ ಬರುತ್ತೆ ಅಂದಳು. ಅಷ್ಟು ಹೊತ್ತು ಯಾರು ಕಾಯುತ್ತಾರೆ. ಸೀಟಿಗೆ ಹೋಗಿ ಆ ಮೇಲ್ ಬರೆದೆ.

ಥ್ರೆಶೋಲ್ಡ್ ಇಳಿಸಿ ಅಂದದ್ದಕ್ಕೆ ನನ್ನ ಹತ್ತಿರ ವಾದವೂ ಇತ್ತು. ಎಚ್‌ವಿ ಬಸ್ ಕಾರಿನ ಬಾಡಿಯ ಲೋಹಕ್ಕೆ ಸೇರಿರಲ್ಲ. ಹಾಗಾಗಿ ಒಂದು ಕಡೆ ಲೀಕ್ ಆದರೆ ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲ, ಮುಟ್ಟಿದವನಿಗೆ ಏನೂ ಆಗಲ್ಲ. ಬಿಎಂಎಸ್‌ನವರು ಬರೆದ ಉತ್ತರ ಒಂದೇ ಸಾಲು: ಎರಡನೇ ಲೀಕ್ ಇನ್ನೊಂದು ಕಡೆ ಆದಾಗ ಮುಟ್ಟಿದವನೇ ದಾರಿ, ಅದಕ್ಕೇ ಮೊದಲನೆಯದಕ್ಕೆ ನಿಲ್ಲಿಸುತ್ತೇವೆ. ನಮ್ಮ ಪ್ಯಾಕ್ ಫುಲ್ ಚಾರ್ಜಿನಲ್ಲಿ 400 ವೋಲ್ಟ್. ಎಸಿ ಕರೆಂಟ್, ಡಿಸಿ ಕರೆಂಟ್ ಎರಡೂ ಸೇರಿದ ಸರ್ಕ್ಯೂಟಿಗೆ ಇವಿ ಸೇಫ್ಟಿ ಸ್ಟಾಂಡರ್ಡ್ ಎಐಎಸ್-038 ಕೇಳುವುದು ವೋಲ್ಟಿಗೆ 500 ಓಮ್, ಅಂದರೆ 2 ಲಕ್ಷ ಓಮ್. ಐಎಂಡಿ ತೋರಿಸುತ್ತಿದ್ದದ್ದು ಸುಮಾರು 1 ಲಕ್ಷ 40 ಸಾವಿರ. ಆ ಮಿತಿಯನ್ನು ಡೆಮೊಗೋಸ್ಕರ ಯಾರೂ ಇಳಿಸಲ್ಲ. ಇಳಿಸಬಾರದು ಕೂಡ, ಈಗ ಹೇಳುತ್ತಿದ್ದೇನೆ.

ಮೆಗ್ಗರ್ ಬರುವ ಮುಂಚೆಯೇ ಅವಳು ಲಾಗ್ ತೆರೆದು ಅರ್ಧ ಕೆಲಸ ಮುಗಿಸಿದ್ದಳು. ಕಾಂಟ್ಯಾಕ್ಟರ್ ಕ್ಲೋಸ್ ಆಗುವ ತನಕ ರೀಡಿಂಗ್ ಚೆನ್ನಾಗಿತ್ತು, ಕ್ಲೋಸ್ ಆದ ಮೇಲೆ ಕೆಲವು ಸೆಕೆಂಡಿನಲ್ಲಿ ಬೀಳುತ್ತಿತ್ತು. "ಅಂದ್ರೆ ಪ್ಯಾಕ್ ಅಲ್ಲ ಸಾರ್, ಲೋಡ್ ಕಡೆ ಯಾವುದೋ ಒಂದು. ಮತ್ತೆ ಫಾಸ್ಟ್ ಚಾರ್ಜಿಂಗ್ ಕಾಂಟ್ಯಾಕ್ಟರ್ ಈ ಹೊತ್ತಲ್ಲಿ ಓಪನ್ನೇ ಇರುತ್ತೆ, ಇನ್ಲೆಟ್ಟಿನ ಆ ಪಿನ್ನುಗಳು ಬಸ್ಸಿಗೆ ಸೇರಿಯೇ ಇರಲ್ಲ." ಬಿಸಿ ಗಾಳಿ ಹೊಡೆಸಿದ್ದರ ಬಗ್ಗೆ ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಮೂರು ಗಂಟೆಗೆ ಮೆಗ್ಗರ್ ಬಂತು. ಪ್ಯಾಕ್ ಬೇರೆ ಮಾಡಿ, ಲೋಡ್ ಕಡೆಗೆ 500 ವೋಲ್ಟ್ ಕೊಟ್ಟು ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋದಳು. ಮೋಟರ್ ಇನ್ವರ್ಟರ್ ಬಿಚ್ಚಿದರೂ ಅಷ್ಟೇ. ಡಿಸಿ-ಡಿಸಿ, ಆನ್‌ಬೋರ್ಡ್ ಚಾರ್ಜರ್, ಹೀಟರ್, ಎಲ್ಲ ಬಿಚ್ಚಿದರೂ ಅಷ್ಟೇ. ಎಸಿ ಕಂಪ್ರೆಸರ್ ಬಿಚ್ಚಿದ್ದೇ ತಡ, ಮುಳ್ಳು ಮೆಗಾ ಓಮ್‌ಗಳಿಗೆ ಹಾರಿತು. ಕಂಪ್ರೆಸರ್ ಒಂದಕ್ಕೇ ಹಾಕಿ ನೋಡಿದಳು, ಮತ್ತೆ ಕೆಳಗೆ. ನನ್ನ ಮಲ್ಟಿಮೀಟರ್ ತುದಿಯಲ್ಲಿ ಇರುವುದು ಒಂದೆರಡು ವೋಲ್ಟ್. ಕಂಪ್ರೆಸರಿನ ಇನ್ವರ್ಟರ್ ಡಯೋಡುಗಳನ್ನು ದಾಟಿ ವೈಂಡಿಂಗ್ ತನಕ ಅದು ಹೋಗಿ ಮುಟ್ಟಿರಲೇ ಇಲ್ಲ. ಓಎಲ್ ಅಂದದ್ದು ಕಾರು ಸರಿ ಇದೆ ಅಂತಲ್ಲ, ನನಗೆ ಕಾಣಿಸ್ತಿಲ್ಲ ಅಂತ.

"ಇತ್ತೀಚೆಗೆ ಎಸಿ ಕೆಲಸ ಏನಾದ್ರೂ ಆಯ್ತಾ?" ಅಂತ ಕೇಳಿದಳು. ಟೆಕ್ನಿಷಿಯನ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಬೆಲ್ಟಿನ ಕಂಪ್ರೆಸರಿನಲ್ಲಿ ಕರೆಂಟ್ ಇರುವುದು ಹೊರಗಿನ ಕ್ಲಚ್ ಕಾಯಿಲಿಗೆ ಮಾತ್ರ. ಒಳಗೆ ಬರೀ ಲೋಹ, ಆಯಿಲ್ ಜಾರಿಸಿದರೆ ಸಾಕು. ಇವಿಯಲ್ಲಿ ಮೋಟರೇ ಕಂಪ್ರೆಸರ್ ಹೊಟ್ಟೆಯೊಳಗಿದೆ. ವಾಪಸ್ ಬರುವ ತಣ್ಣನೆ ಗ್ಯಾಸು ಆಯಿಲ್ ಸಮೇತ ಆ ವೈಂಡಿಂಗನ್ನು ತೊಳೆದುಕೊಂಡೇ ಹೋಗುತ್ತದೆ, ಅದರ ಕೂಲಿಂಗೇ ಹಾಗೆ. 400 ವೋಲ್ಟಿನ ತಾಮ್ರಕ್ಕೂ ಬಾಡಿಗೂ ಮಧ್ಯೆ ಇರುವ ದ್ರವ ಅದು. ಹಾಗಾಗಿ ಆಯಿಲ್ ಇಲ್ಲಿ ಇನ್ಸುಲೇಶನ್ ಕೂಡ ಹೌದು. ಅದಕ್ಕೇ ನಮ್ಮ ಕಂಪ್ರೆಸರಿಗೆ ಪಿಒಇ ಆಯಿಲ್. ಪಿಎಜಿ ಅದಕ್ಕಿಂತ ಸುಲಭವಾಗಿ ಕರೆಂಟ್ ಬಿಡುತ್ತದೆ, ಮೇಲಿಂದ ಗಾಳಿಯ ತೇವವನ್ನೂ ಹೀರುತ್ತದೆ. ನಾನು ತರಿಸಿದ್ದು ಎಷ್ಟು ದಿನದಿಂದ ಮುಚ್ಚಳ ಸಡಿಲವಾಗಿ ಕೂತಿದ್ದ ಬಾಟಲಿಯೋ.

ಬೆಳಿಗ್ಗೆ ಮಾತ್ರ ಯಾಕೆ ಬರುತ್ತಿತ್ತು ಅನ್ನುವುದಕ್ಕೆ ನಾವು ಕೂತು ಹಾಕಿದ ಲೆಕ್ಕ ಇಷ್ಟು: ರಾತ್ರಿಯೆಲ್ಲ ನಿಂತಾಗ ರೆಫ್ರಿಜರೆಂಟ್ ದ್ರವವಾಗಿ ಆಯಿಲ್ ಜೊತೆ ಕಂಪ್ರೆಸರಿನೊಳಗೆ ಬಂದು ಸೇರುತ್ತೆ, ವೈಂಡಿಂಗ್ ಅದರಲ್ಲಿ ಮುಳುಗುತ್ತೆ. ಇನ್ಲೆಟ್ ಒಣಗಿಸುತ್ತೇನೆ ಅಂತ ನಾನು ಹೊಡೆಸಿದ ಬಿಸಿ ಗಾಳಿ ಹಿಂದೆಯೇ ಇದ್ದ ಕಂಪ್ರೆಸರನ್ನು ಕಾಯಿಸಿ ಆ ದ್ರವವನ್ನು ಹೊರಗೆ ಓಡಿಸಿತ್ತು. ವೆಂಡರ್‌ಗೆ ಸಾರಿ ಹೇಳಬೇಕಾಯಿತು, ಅದೂ ಮೇಲ್‌ನಲ್ಲೇ.

30 ಎಂಎಲ್ ವಾಪಸ್ ತೆಗೆಯಲು ಬರಲ್ಲ. ಅದು ಕಂಡೆನ್ಸರ್, ಇವಾಪರೇಟರ್, ಪೈಪುಗಳ ಗೋಡೆಗೆಲ್ಲ ಸವರಿಕೊಂಡಿರುತ್ತೆ. ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಉಳಿದದ್ದು ಹೊಸದಕ್ಕೂ ಬಂದು ಸೇರುತ್ತೆ. ಪೂರ್ತಿ ಲೂಪ್ ಬದಲಿಸಿದೆವು. ಡೆಮೊ ಇನ್ನೊಂದು ಕಾರಿನಲ್ಲಿ ಆಯಿತು, ಅದರ ಬಣ್ಣ ಡೈರೆಕ್ಟರಿಗೆ ಇಷ್ಟವಾಗಲಿಲ್ಲವಂತೆ. ನನ್ನ ಅಪ್ರೈಸಲ್ ಮೀಟಿಂಗಿನಲ್ಲಿ ಬ್ಯಾಟರಿ ನೋಟ್ಸ್ ಬಗ್ಗೆ ಯಾರೂ ಕೇಳಲಿಲ್ಲ, ಆಯಿಲ್ ಬಗ್ಗೆ ಎಲ್ಲರೂ ಕೇಳಿದರು.

ಟೆಕ್ನಿಷಿಯನ್‌ಗೆ ನಾನೇ ಹೋಗಿ, "ಅವತ್ತು ನೀನು ಕೇಳಿದ್ದು ಸರಿ ಇತ್ತು" ಅಂದೆ. "ಬಾಟಲಿ ಬಣ್ಣ ಬೇರೆ ಅನ್ನಿಸ್ತು ಸಾರ್, ಅಷ್ಟೇ" ಅಂದ.

ಈಗ ಪಿಒಇ ಸಣ್ಣ ಡಬ್ಬಿಗಳಲ್ಲಿ ತರಿಸುತ್ತೇವೆ. ಅದೂ ತೇವ ಹೀರುವ ಜಾತಿಯೇ, ತೆರೆದದ್ದರಲ್ಲಿ ಉಳಿದರೆ ಎಸೆಯುವುದು. ಆದರೆ ಗ್ಯಾಸ್ ರಿಕವರಿ ಮೆಷಿನ್ ಇರುವುದು ಒಂದೇ. ಡೀಸೆಲ್ ಬೇಯವರು ಬಳಸಿದ ಮೇಲೆ ಅದರ ಹೋಸಿನೊಳಗೆ ಪಿಎಜಿ ಉಳಿದಿರುತ್ತೆ, ಇವಿಗೆ ಹಾಕುವ ಮುಂಚೆ ಪ್ರತಿ ಸಲ ಫ್ಲಶ್ ಮಾಡಬೇಕು. ರಾತ್ರಿ ಶಿಫ್ಟಿನಲ್ಲಿ ಯಾರಾದರೂ ಒಂದು ದಿನ ಮರೆತೇ ಮರೆಯುತ್ತಾರೆ. ಇವಿಗೇ ಬೇರೆ ಮೆಷಿನ್ ಬೇಕು ಅಂತ ಪರ್ಚೇಸ್ ರಿಕ್ವೆಸ್ಟ್ ಹಾಕಿ ನಾಲ್ಕು ತಿಂಗಳಾಯಿತು. ಹೋದ ವಾರ ಪರ್ಚೇಸಿನಿಂದ ಕ್ವೆರಿ ಬಂದಿದೆ: "ಎರಡೂ ಎಸಿ ಗ್ಯಾಸೇ ತಾನೆ, ಇರುವ ಮೆಷಿನ್ ಯಾಕೆ ಆಗಲ್ಲ?"